28 ವರ್ಷದ ನೌಕರಿ, 15.64 ಲಕ್ಷದ ಕಾಗದ: ವಿಆರ್‌ಎಸ್‌ಗೆ ಸಹಿ ಹಾಕುವ ಮುನ್ನ

"ಸರ್, ನಾನು ಹುಬ್ಬಳ್ಳಿ ಗೋಕುಲ ರೋಡಿನ ಒಂದು ಕಾರ್ಖಾನ್ಯಾಗ ಮಷೀನ್ ಆಪರೇಟರ್ ಅದೇನಿ. 1997ರ ಸೆಪ್ಟೆಂಬರಿನ್ಯಾಗ ಸೇರೇನಿ, ಈಗ 28 ವರ್ಷ ಸರ್ವಿಸು, 51 ವಯಸ್ಸು. ಬೇಸಿಕ್, ಡಿಎ ಕೂಡಿ 24,000, ಎಲ್ಲಾ ಸೇರಿ 38,000 ಪಗಾರ. ಕಂಪನಿ ವಿಆರ್‌ಎಸ್ ತಂದೈತಿ, ಒಟ್ಟು 15,64,615 ರೂಪಾಯಿ ಅಂತ ಕಾಗದ ಕೊಟ್ಟಾರ, ಅದರ ಪ್ರತಿ ಕಳಿಸೇನಿ. 58ಕ್ಕ ರಿಟೈರ್, ಇನ್ನೂ ಏಳು ವರ್ಷ ಐತಿ. ಕೆಲವರು ತಗೊಂಡ್ರ ಪಿಂಚಣಿ ಹೋಗ್ತೈತಿ ಅಂತಾರ. ಕೆಲವರು ಪಿಂಚಣಿ ಈಗಿಂದನ ಸುರು ಮಾಡಿಕೋಬಹುದು ಅಂತಾರ. ಇನ್ನ ಕೆಲವರು ಕಂಪನಿ ಮುಚ್ಚಿದ್ರ ಇದೂ ಸಿಗೂದಿಲ್ಲ ಅಂತ ಹೆದರಸ್ತಾರ. ಮಗಳು ಇಂಜಿನಿಯರಿಂಗ್ ಎರಡನೇ ವರ್ಷ. ಸೊಸೈಟಿ ಸಾಲ ಮೂರು ಲಕ್ಷ ಐತಿ. ಕುಂದಗೋಳ ಕಡೆ ಮೂರು ಎಕರೆ ಹೊಲ ಐತಿ. 15 ದಿನದಾಗ ಹೇಳಬೇಕಂತ. ಏನು ಮಾಡ್ಲಿ?"
— ಓದುಗರೊಬ್ಬರು, ಹುಬ್ಬಳ್ಳಿ

ನೀವು ಕಳಿಸಿದ ಕಾಗದದಲ್ಲಿ ಕೆಳಗಿನ ಮೊತ್ತ ದಪ್ಪಕ್ಷರದಲ್ಲಿದೆ, ಮೇಲಿನ ಮೂರು ಸಾಲು ಸಣ್ಣಕ್ಷರದಲ್ಲಿವೆ. ನೋಡಬೇಕಾದದ್ದು ಆ ಮೂರು ಸಾಲುಗಳನ್ನೇ. ಮೊದಲನೆಯದು ಗ್ರಾಚ್ಯುಯಿಟಿ, 3,87,692 ರೂಪಾಯಿ. 24,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 28 ವರ್ಷದಿಂದ ಗುಣಿಸಿದರೆ ಇದು ಬರುತ್ತದೆ, ಲೆಕ್ಕ ಸರಿ ಇದೆ. ಎರಡನೆಯದು 120 ದಿನದ ರಜೆ ನಗದೀಕರಣ, 1,10,769. ಇವೆರಡೂ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ ಯೋಜನೆಯ ಹಣವಲ್ಲ. ನೀವು ನಾಳೆ ಸುಮ್ಮನೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಯಿಟಿ ಕೊಡಲೇಬೇಕು. ಉಳಿದ ರಜೆಯ ದುಡ್ಡನ್ನೂ ನೀವು ಈಗಾಗಲೇ ದುಡಿದಿಟ್ಟಿದ್ದೀರಿ. ಏಳು ವರ್ಷ ಮೊದಲೇ ಮನೆಗೆ ಹೋಗಿ ಎಂದು ಕಂಪನಿ ಹೊಸದಾಗಿ ಕೊಡುತ್ತಿರುವುದು ಮೂರನೇ ಸಾಲಿನ 10,66,154 ಮಾತ್ರ. ಅದಕ್ಕೆ ಎಕ್ಸ್‌ಗ್ರೇಷಿಯಾ ಎಂದು ಬರೆದಿದ್ದಾರೆ. ಇನ್ನು ಮುಂದೆ ಮನೆಯಲ್ಲಿ, ಯೂನಿಯನ್ ಆಫೀಸಿನಲ್ಲಿ ಎಲ್ಲಿ ಮಾತಾಡಿದರೂ 15 ಲಕ್ಷವನ್ನು ಮರೆತು ಹತ್ತೂವರೆ ಲಕ್ಷವನ್ನೇ ಮುಂದಿಟ್ಟುಕೊಂಡು ಮಾತಾಡಿ.

ಈ 10,66,154 ಹೇಗೆ ಬಂತೆಂದರೆ, ಮುಗಿದ ಪ್ರತಿ ವರ್ಷಕ್ಕೆ 35 ದಿನದ ವೇತನ, ಉಳಿದ ಪ್ರತಿ ವರ್ಷಕ್ಕೆ 25 ದಿನದ ವೇತನ. ಸರ್ಕಾರಿ ವಲಯದಲ್ಲಿ ಇದನ್ನು ಗುಜರಾತ್ ಮಾದರಿ ಎನ್ನುತ್ತಾರೆ, ಖಾಸಗಿ ಕಂಪನಿಗಳೂ ಇದನ್ನು ಎರವಲು ಪಡೆಯುತ್ತವೆ. 28 ವರ್ಷಕ್ಕೆ 980 ದಿನ, 7 ವರ್ಷಕ್ಕೆ 175 ದಿನ, ಒಟ್ಟು 1,155 ದಿನ. ಇಲ್ಲಿ ಎರಡು ಕಡೆ ಕಣ್ಣಿಡಿ. ಒಂದು ದಿನದ ವೇತನವನ್ನು 26ರಿಂದ ಭಾಗಿಸಿ ತೆಗೆದಿದ್ದಾರೆಯೇ, 30ರಿಂದ ತೆಗೆದಿದ್ದಾರೆಯೇ? ನಿಮ್ಮ ಕಾಗದದಲ್ಲಿ 26 ಇದೆ. ಆದರೆ ಯೋಜನೆಯ ಮೂಲ ಪಠ್ಯದಲ್ಲಿ 'ತಿಂಗಳ ವೇತನವನ್ನು 30ರಿಂದ ಭಾಗಿಸಿ' ಎಂದಿದ್ದರೆ ಕೊನೆಗೆ ಕೈಗೆ ಬರುವುದು 9,24,000. ಒಂದೇ ಒಂದು ಅಂಕಿಯಲ್ಲಿ 1,42,154 ರೂಪಾಯಿ ಹೋಗುತ್ತದೆ. ಅಂದಾಜು ಚೀಟಿಯನ್ನು ನಂಬಿ ಕೂರಬೇಡಿ, ಯೋಜನೆಯ ಪೂರ್ತಿ ಪ್ರತಿ ಕೇಳಿ ಪಡೆಯಿರಿ.

ಎರಡನೆಯದು, ಉಳಿದ ವರ್ಷ ನಿಜವಾಗಿಯೂ ಏಳೇ ಎನ್ನುವುದು. ಕರ್ನಾಟಕ ಸರ್ಕಾರ 2017ರಲ್ಲಿ ಮಾದರಿ ಸ್ಥಾಯಿ ಆದೇಶಗಳನ್ನು ತಿದ್ದಿ ಕಾರ್ಖಾನೆ ಕಾರ್ಮಿಕರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ನಿಮ್ಮ ಕಾರ್ಖಾನೆಗೆ ಪ್ರತ್ಯೇಕ ಪ್ರಮಾಣೀಕೃತ ಸ್ಥಾಯಿ ಆದೇಶವಿದ್ದು ಅದರಲ್ಲಿ 58 ಎಂದಿರಬಹುದು, ಯೂನಿಯನ್ ಒಪ್ಪಂದದಲ್ಲಿ 60 ಎಂದಾಗಿರಲೂಬಹುದು. ಕಾರ್ಯದರ್ಶಿಯವರ ಹತ್ತಿರ ಪ್ರತಿ ಇರುತ್ತದೆ, ಓದಿಸಿಕೊಳ್ಳಿ. 60 ಇದ್ದರೆ ಉಳಿದದ್ದು ಒಂಬತ್ತು ವರ್ಷ. ಎಕ್ಸ್‌ಗ್ರೇಷಿಯಾ 50 ದಿನದಷ್ಟು, ಅಂದರೆ 46,154 ಹೆಚ್ಚಾಗುತ್ತದೆ. ಆದರೆ ನೀವು ಬಿಟ್ಟುಕೊಡುತ್ತಿರುವುದು ಇನ್ನೂ ಎರಡು ವರ್ಷದ ಪೂರ್ತಿ ಪಗಾರ. ಮುಂದಿನ ಲೆಕ್ಕವನ್ನೆಲ್ಲ ನೀವು ಹೇಳಿದ 58ರ ಮೇಲೆಯೇ ಹಾಕಿದ್ದೇನೆ.

ಈಗ ಪಿಂಚಣಿ. ವಿಆರ್‌ಎಸ್ ತೆಗೆದುಕೊಂಡರೆ ಪಿಂಚಣಿ ಹೋಗುತ್ತದೆ ಎನ್ನುವುದು ಸುಳ್ಳು. ನಿಮ್ಮದು ಪಿಎಫ್‌ನ ಕುಟುಂಬ ಪಿಂಚಣಿ ಎಂದು ಕಾರ್ಖಾನೆಯಲ್ಲಿ ಕರೆಯುವ ಇಪಿಎಸ್-95. ಹತ್ತು ವರ್ಷ ಸೇವೆ ಮುಗಿದ ಮೇಲೆ ಆ ಹಕ್ಕು ನಿಮ್ಮದು, ಕೆಲಸ ಯಾವಾಗ ಬಿಟ್ಟರೂ 58ಕ್ಕೆ ಪಿಂಚಣಿ ಬರುತ್ತದೆ. ಕಡಿಮೆಯಾಗುವುದು ಮೊತ್ತ. ಎಷ್ಟು ಕಡಿಮೆ ಎನ್ನುವುದರಲ್ಲೇ ಬಹಳ ಜನ ಎಡವುತ್ತಾರೆ.

ಎಲ್ಲರ ಬಾಯಲ್ಲಿರುವ ಸೂತ್ರ ಹೀಗಿದೆ: 15,000 × ಸೇವೆಯ ವರ್ಷ ÷ 70. ಅದರಂತೆ 28 ವರ್ಷಕ್ಕೆ 6,000 ಬರಬೇಕು. ಆದರೆ ನಿಮಗೆ 6,000 ಬರುವುದಿಲ್ಲ. ಪಿಂಚಣಿಗೆ ಹಿಡಿಯುವ ವೇತನದ ಮಿತಿ 15,000ಕ್ಕೆ ಏರಿದ್ದು 2014ರ ಸೆಪ್ಟೆಂಬರ್ 1ರಿಂದ. ಅದಕ್ಕೂ ಮೊದಲು ಅದು 6,500 ಇತ್ತು, ಹಾಗಾಗಿ ಆ ದಿನಾಂಕಕ್ಕೆ ಮುಂಚಿನ ಸೇವೆಯನ್ನು ಪಿಎಫ್ ಕಚೇರಿ 6,500ರ ಮೇಲೆಯೇ ಲೆಕ್ಕ ಹಾಕುತ್ತದೆ. ನಿಮ್ಮ ಮೊದಲ 17 ವರ್ಷ ಆ ಕಡೆ ಬೀಳುತ್ತವೆ: 6,500 × 17 ÷ 70, ಅಂದರೆ 1,579. ಆಮೇಲಿನ 11 ವರ್ಷಕ್ಕೆ 15,000 × 11 ÷ 70, ಅಂದರೆ 2,357. ಎರಡೂ ಕೂಡಿ 58ನೇ ವಯಸ್ಸಿನಿಂದ ತಿಂಗಳಿಗೆ 3,936 ರೂಪಾಯಿ. (ಹೆಚ್ಚಿನ ವೇತನದ ಮೇಲಿನ ಪಿಂಚಣಿಗೆ ಜಂಟಿ ಆಯ್ಕೆ ಕೊಟ್ಟು ಮಂಜೂರಾದವರಿಗೆ ಈ ಮಿತಿ ಅನ್ವಯಿಸದು. ನೀವು ಹಾಗೆ ಬರೆದಿಲ್ಲ.)

58ರವರೆಗೆ ಇದ್ದರೆ 15,000ದ ಮೇಲಿನ ವರ್ಷಗಳು 11ರ ಬದಲು 18 ಆಗುತ್ತವೆ, ಪಿಂಚಣಿ 5,436ಕ್ಕೆ ಬರುತ್ತದೆ. 20 ವರ್ಷ ಮೀರಿ ಸೇವೆ ಮಾಡಿ 58ಕ್ಕೆ ನಿವೃತ್ತರಾದವರಿಗೆ ಎರಡು ವರ್ಷ ಹೆಚ್ಚುವರಿಯಾಗಿ ಸೇರಿಸಿಕೊಡುತ್ತಾರೆ, ಅದು ಹೆಚ್ಚೆಂದರೆ 429 ರೂಪಾಯಿ. 51ಕ್ಕೇ ಬಿಡುವವರು ಇದನ್ನು ತಮ್ಮ ಲೆಕ್ಕದಲ್ಲಿ ಹಿಡಿಯದಿರುವುದೇ ಕ್ಷೇಮ. ಹಾಗಾಗಿ ನೀವು ಕಳೆದುಕೊಳ್ಳುವ ಪಿಂಚಣಿ ತಿಂಗಳಿಗೆ 1,500ರಿಂದ 1,929ರ ನಡುವೆ. ಕಡಿಮೆಯೇನಲ್ಲ, ಅದರಲ್ಲೂ ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ, ಒಮ್ಮೆ ಗೊತ್ತಾದ ಮೊತ್ತ ಅಲ್ಲೇ ನಿಲ್ಲುತ್ತದೆ. ಆದರೂ ನಿಮ್ಮ ದೊಡ್ಡ ನಷ್ಟ ಇದಲ್ಲ, ಅದಕ್ಕೆ ಬರುತ್ತೇನೆ.

ಅದಕ್ಕೂ ಮೊದಲು, ಪಿಂಚಣಿಯನ್ನು ಈಗಲೇ ಸುರು ಮಾಡಿಕೊಳ್ಳುವ ಮಾತು. 50 ದಾಟಿದವರು ಕೆಲಸ ಬಿಟ್ಟಿದ್ದರೆ ಇದಕ್ಕೆ ಅವಕಾಶವಿದೆ. ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೆ, ವರ್ಷಕ್ಕೆ ಶೇ. 4ರಂತೆ ಕಡಿತ. ಏಳು ವರ್ಷಕ್ಕೆ ಕಾಲು ಭಾಗ, ಇಲ್ಲವೆ ತುಸು ಹೆಚ್ಚೇ ಹೋಗುತ್ತದೆ. 3,936 ಇದ್ದದ್ದು ಸುಮಾರು 2,900 ಆಗುತ್ತದೆ. 58 ತುಂಬಿದ ಮೇಲೆ ಮತ್ತೆ ಮೇಲೇರುವುದಿಲ್ಲ, ಬದುಕಿರುವವರೆಗೂ ಅಷ್ಟೇ. ನಿಮ್ಮ ನಂತರ ಮನೆಯವರಿಗೆ ಬರುವ ವಿಧವಾ ಪಿಂಚಣಿ ನಿಮ್ಮ ಪಿಂಚಣಿಯ ಅರ್ಧ, ಆ ಕಡಿತ ಅವರ ಪಾಲಿಗೂ ಬೀಳುತ್ತದೆ. ಬರೀ ಅಂಕಿ ನೋಡಿದರೆ ಇದು ಪೂರ್ತಿ ಮೋಸವೇನಲ್ಲ. ಏಳು ವರ್ಷದಲ್ಲಿ ಸುಮಾರು 2.4 ಲಕ್ಷ ಮೊದಲೇ ಕೈಗೆ ಬರುತ್ತದೆ, ತಿಂಗಳಿಗೆ ಸಾವಿರ ರೂಪಾಯಿ ಕಡಿತದಲ್ಲಿ ಅದು ತೀರಲು 77-78 ವಯಸ್ಸಾಗುತ್ತದೆ. ತೊಂದರೆ ಬೇರೆ ಕಡೆ ಇದೆ. ಕಡಿತದ ಪಿಂಚಣಿ ಸುರುವಾದವರು ಆಮೇಲೆ ಇನ್ನೊಂದು ಪಿಎಫ್ ಇರುವ ಕಾರ್ಖಾನೆಗೆ ಸೇರಿದರೆ ಆ ಸೇವೆ ಪಿಂಚಣಿಗೆ ಸೇರುವುದಿಲ್ಲ. 51ರ ನಿಮಗೆ ತಾರಿಹಾಳದಲ್ಲೋ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲೋ ಇನ್ನೊಂದು ಕೆಲಸ ಸಿಗುವ ಸಾಧ್ಯತೆ ಇದೆ. ಅಲ್ಲಿ ಅದೇ ಯುಎಎನ್ ನಂಬರಿನಲ್ಲಿ ಸೇರಿದರೆ ಹಳೆಯ 28 ವರ್ಷದ ಮುಂದೆಯೇ ಹೊಸ ವರ್ಷಗಳು ಕೂಡುತ್ತಾ ಹೋಗುತ್ತವೆ. ಆ ಬಾಗಿಲನ್ನು 2,900 ರೂಪಾಯಿಗೋಸ್ಕರ ಈಗಲೇ ಮುಚ್ಚಿಕೊಳ್ಳಬೇಡಿ.

ಇನ್ನು ದೊಡ್ಡ ನಷ್ಟ. ಅದು ಪಗಾರ, ಮತ್ತು ಪಗಾರದ ಬೆನ್ನಿಗೆ ಸದ್ದಿಲ್ಲದೆ ಕೂಡುತ್ತಿದ್ದ ಹಣ. ನಿಮ್ಮ ಪಗಾರ ಚೀಟಿಯಂತೆ ಪಿಎಫ್ ಪೂರ್ತಿ 24,000ದ ಮೇಲೆ ಕಟ್ ಆಗುತ್ತಿದೆ. ಕಂಪನಿಯೂ ಅಷ್ಟೇ ಅಂದರೆ 2,880 ಹಾಕುತ್ತದೆ, ಅದರಲ್ಲಿ 1,250 ಪಿಂಚಣಿ ನಿಧಿಗೆ ಹೋಗಿ 1,630 ನಿಮ್ಮ ಪಿಎಫ್ ಖಾತೆಗೆ ಬೀಳುತ್ತದೆ. ಕೆಲಸ ಬಿಟ್ಟ ತಿಂಗಳಿಂದ ಆ 1,630 ನಿಲ್ಲುತ್ತದೆ. ಪಗಾರ ಏರದಿದ್ದರೂ ಈಗಿನ ಶೇ. 8.25ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ಅದೊಂದೇ ಸುಮಾರು 1.84 ಲಕ್ಷ ಆಗುತ್ತಿತ್ತು.

ಗ್ರಾಚ್ಯುಯಿಟಿಯ ನಷ್ಟ ಇದಕ್ಕಿಂತ ಸೂಕ್ಷ್ಮ. ಏಳು ವರ್ಷದ ಗ್ರಾಚ್ಯುಯಿಟಿ ಎಂದರೆ 97 ಸಾವಿರ ತಾನೇ ಎಂದು ಎಚ್.ಆರ್. ವಿಭಾಗದವರು ಹೇಳಬಹುದು. ಈಗಿನ ವೇತನದ ಮೇಲೆ ಅದು ಸರಿಯೇ. ಆದರೆ ಗ್ರಾಚ್ಯುಯಿಟಿಯನ್ನು ಹಾಕುವುದು ಕೊನೆಯ ತಿಂಗಳ ವೇತನದ ಮೇಲೆ, ಮತ್ತು ಆ ಕೊನೆಯ ವೇತನ ನಿಮ್ಮ ಹಿಂದಿನ 28 ವರ್ಷಕ್ಕೂ ಅನ್ವಯಿಸುತ್ತದೆ. ಬೇಸಿಕ್, ಡಿಎ ವರ್ಷಕ್ಕೆ ಶೇ. 5ರಂತೆ ಏರಿದರೆ 58ಕ್ಕೆ ಅದು ಸುಮಾರು 33,770 ಆಗಿರುತ್ತದೆ, 35 ವರ್ಷದ ಗ್ರಾಚ್ಯುಯಿಟಿ 6.82 ಲಕ್ಷ. ಈಗ ಸಿಗುವ 3.88 ಲಕ್ಷಕ್ಕೂ ಅದಕ್ಕೂ ಅಂತರ 2.94 ಲಕ್ಷ. ಪ್ರತಿ ವೇತನ ಒಪ್ಪಂದದಲ್ಲೂ ಹಳೆಯ ವರ್ಷಗಳ ಬೆಲೆ ಏರುತ್ತಿರುತ್ತದೆ, ವಿಆರ್‌ಎಸ್ ಅದನ್ನು ಇವತ್ತಿನ ದರಕ್ಕೆ ಚುಕ್ತಾ ಮಾಡುತ್ತದೆ. (2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ, ಭತ್ಯೆಗಳು ಒಟ್ಟು ಪಗಾರದ ಅರ್ಧ ಮೀರಿದರೆ ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು. ನಿಮ್ಮದು 38,000ದಲ್ಲಿ 24,000 ಇರುವುದರಿಂದ ಬದಲಾವಣೆ ಇಲ್ಲ. ಬೇಸಿಕ್ ಬಹಳ ಕಡಿಮೆ ಇರುವ ಜೊತೆಗಾರರು ಇದನ್ನು ಕೇಳಿ ಪಡೆಯಬೇಕು.)

ಎಲ್ಲವನ್ನೂ ತಿಂಗಳ ಲೆಕ್ಕಕ್ಕೆ ಇಳಿಸಿದರೆ ಹೋಲಿಸುವುದು ಸುಲಭ. ವೃತ್ತಿ ತೆರಿಗೆ 200 ಕಳೆದು ನಿಮ್ಮ ಪಗಾರ 37,800, ಇದರಲ್ಲಿ ನಿಮ್ಮ ಪಾಲಿನ ಪಿಎಫ್ ಸೇರಿದೆ. ಕಂಪನಿಯ ಪಿಎಫ್ 1,630. 58ಕ್ಕೆ ಆಗುವ ಗ್ರಾಚ್ಯುಯಿಟಿಯ ಅಂತರವನ್ನು ತುಂಬಿಕೊಳ್ಳಲು ಶೇ. 7ರ ಬಡ್ಡಿಯಲ್ಲಿ ತಿಂಗಳಿಗೆ ಸುಮಾರು 2,700 ಉಳಿಸಬೇಕು. ಹೋಗುವ ಪಿಂಚಣಿಯಷ್ಟು ಬಡ್ಡಿ ತರಲು 58ಕ್ಕೆ ಸುಮಾರು 3.3 ಲಕ್ಷ ಕೈಯಲ್ಲಿರಬೇಕು, ಅದಕ್ಕೆ ತಿಂಗಳಿಗೆ ಸುಮಾರು 3,000. ಒಟ್ಟು ನೀವು ಬಿಟ್ಟುಕೊಡುತ್ತಿರುವುದು ತಿಂಗಳಿಗೆ ಹತ್ತಿರ ಹತ್ತಿರ 45,000. ಗ್ರಾಚ್ಯುಯಿಟಿಯ ಅಂತರದಲ್ಲಿ ಬಿಟ್ಟರೆ ಪಗಾರದ ಏರಿಕೆಯನ್ನು ಇದರಲ್ಲಿ ಹಿಡಿದಿಲ್ಲ.

ಬದಲಿಗೆ ಬರುವ 10,66,154ನ್ನು ಶೇ. 7ರ ಬಡ್ಡಿಯಲ್ಲಿಟ್ಟು, ಏಳು ವರ್ಷಕ್ಕೆ ಅಸಲು ಬಡ್ಡಿ ಎರಡೂ ತೀರುವಂತೆ ತೆಗೆದುಕೊಂಡು ಉಂಡರೆ ತಿಂಗಳಿಗೆ ಸುಮಾರು 16,000 ಬೀಳುತ್ತದೆ. ಉಳಿದ 29,000ವನ್ನು ನೀವು ಹೊರಗೆ ದುಡಿದರೆ ಲೆಕ್ಕ ಸಮ. 29,000ಕ್ಕಿಂತ ಹೆಚ್ಚು ದುಡಿಯುವ ದಾರಿ ಇದ್ದರೆ ವಿಆರ್‌ಎಸ್ ಲಾಭ. 15,000 ಮಾತ್ರ ಸಿಗುತ್ತದೆ ಎಂದಾದರೆ ಪ್ರತಿ ತಿಂಗಳೂ 14,000 ಕೊರತೆ, ಏಳು ವರ್ಷ, ಮಗಳ ಓದು ಮದುವೆಗಳ ನಡುವೆ.

ಈ ಹೊರಗಿನ ದುಡಿಮೆಯನ್ನು ಅಂದಾಜು ಮಾಡುವಾಗ ಹೊಲದ ವಿಷಯದಲ್ಲಿ ಒಂದು ತಪ್ಪಾಗುತ್ತದೆ. ಕುಂದಗೋಳದ ಮೂರು ಎಕರೆ ಇವತ್ತೂ ನಿಮ್ಮದೇ, ಅದರಿಂದ ಏನೋ ಒಂದಿಷ್ಟು ಬರುತ್ತಲೇ ಇದೆ. ಕೆಲಸ ಬಿಟ್ಟು ನೀವೇ ನಿಂತು ಮಾಡಿದರೆ ಅದಕ್ಕಿಂತ ಎಷ್ಟು ಹೆಚ್ಚು ಬರುತ್ತದೆಯೋ ಅಷ್ಟನ್ನೇ 29,000ದ ಎದುರು ಇಡಬೇಕು, ಹೊಲದ ಪೂರ್ತಿ ಆದಾಯವನ್ನಲ್ಲ. ಮಳೆ ನಂಬಿದ ಎರೆ ಹೊಲದಲ್ಲಿ ಮೆಣಸಿನಕಾಯಿ ಒಂದು ವರ್ಷ ಬ್ಯಾಡಗಿಯಲ್ಲಿ ಕೈತುಂಬ ಕೊಡುತ್ತದೆ, ಮರುವರ್ಷ ಬೀಜ ಗೊಬ್ಬರದ ಖರ್ಚೂ ಹುಟ್ಟುವುದಿಲ್ಲ. ತಿಂಗಳಿಗೆ ಇಂತಿಷ್ಟು ಎಂದು ಹಿಡಿಯಬೇಕಾದ ಲೆಕ್ಕದಲ್ಲಿ ಅಂಥ ಆದಾಯವನ್ನು ಅದು ಕೆಟ್ಟ ವರ್ಷದಲ್ಲಿ ಕೊಡುವಷ್ಟಕ್ಕೇ ಹಿಡಿಯಿರಿ. ಎಕ್ಸ್‌ಗ್ರೇಷಿಯಾ ಬಂದ ವಾರದಲ್ಲೇ ಬೋರ್ ಕೊರೆಸುವ ಯೋಚನೆಯಿದ್ದರೆ ದಯವಿಟ್ಟು ಕೈಬಿಡಿ. ಆ ಹಣ ಏಳು ವರ್ಷದ ರೊಟ್ಟಿ.

ಸೊಸೈಟಿ ಸಾಲ 3 ಲಕ್ಷವನ್ನು ಅಂತಿಮ ಲೆಕ್ಕದಲ್ಲಿ ಮುರಿದುಕೊಳ್ಳುತ್ತಾರೆ. ಅದು ಹೇಗೂ ತೀರಿಸಬೇಕಾದ ಸಾಲ, ನಷ್ಟವಲ್ಲ, ತಿಂಗಳ ಕಂತೂ ನಿಲ್ಲುತ್ತದೆ. ಆದರೆ ಎಕ್ಸ್‌ಗ್ರೇಷಿಯಾದಿಂದ ಮುರಿದರೆ ಉಳಿದ 7.66 ಲಕ್ಷಕ್ಕೆ ತಿಂಗಳಿಗೆ ಬರುವುದು 16,000 ಅಲ್ಲ, ಸುಮಾರು 11,500. ಗ್ರಾಚ್ಯುಯಿಟಿಯಿಂದ ಮುರಿದರೆ 58ರ ನಂತರಕ್ಕೆ ಇಟ್ಟ ಗಂಟು ಕರಗುತ್ತದೆ. ಎರಡರಲ್ಲಿ ಒಂದು ಆಗಿಯೇ ಆಗುತ್ತದೆ ಎಂದು ತಿಳಿದು ಕೂತು ಲೆಕ್ಕ ಹಾಕಿ.

ಮುಚ್ಚಿದರೆ ಇದೂ ಸಿಗುವುದಿಲ್ಲ ಎನ್ನುವ ಹೆದರಿಕೆಯನ್ನು ಹಾಗೆಯೇ ತಳ್ಳಿಹಾಕಲಾಗದು, ಅದರಲ್ಲಿ ಅರ್ಧ ನಿಜವಿದೆ. ಕಾರ್ಖಾನೆ ಮುಚ್ಚಿದರೆ ಕಾನೂನಿನಂತೆ ಮುಗಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರ ಸಿಗಬೇಕು, ಗ್ರಾಚ್ಯುಯಿಟಿ ಬೇರೆ. ವೇತನಕ್ಕೆ ಏನೇನು ಸೇರಿಸುತ್ತಾರೆ ಎನ್ನುವುದರ ಮೇಲೆ ನಿಮಗೆ ಅದು ಸುಮಾರು 4ರಿಂದ 6 ಲಕ್ಷ. ಅಂದರೆ ಈಗಿನ ಕೊಡುಗೆ ಮುಚ್ಚುವಿಕೆಯ ಪರಿಹಾರಕ್ಕಿಂತ 4.7ರಿಂದ 6.7 ಲಕ್ಷದಷ್ಟು ಮೇಲಿದೆ. ಈಗ ಹೊರಗೆ ನಿಮಗೆ 15,000 ದುಡಿಮೆ ಇದೆ ಎಂದಿಟ್ಟುಕೊಳ್ಳಿ. ಕಾರ್ಖಾನೆಯಲ್ಲಿ ಉಳಿದ ಪ್ರತಿ ತಿಂಗಳೂ ನಿಮಗೆ 30,000 ಹೆಚ್ಚು ದಕ್ಕುತ್ತದೆ. ಹಾಗಾದರೆ ಆ ಮೇಲಿನ ಹಣ ಸರಿಹೊಂದಲು ಬೇಕಾದದ್ದು 16ರಿಂದ 22 ತಿಂಗಳು. ಕಾರ್ಖಾನೆ ಇನ್ನೆರಡು ವರ್ಷ ನಡೆದರೆ, ಆಮೇಲೆ ಮುಚ್ಚಿದರೂ ನೀವು ಉಳಿದದ್ದೇ ಲಾಭ. ಒಂದು ವರ್ಷದೊಳಗೆ ಮುಚ್ಚುವುದು ಖಚಿತವಾದರೆ ವಿಆರ್‌ಎಸ್ ಲಾಭ. ಮುಚ್ಚಿದ ಕಂಪನಿಯಿಂದ ಪರಿಹಾರ ವಸೂಲಾಗಲು ವರ್ಷಗಟ್ಟಲೆ ಹಿಡಿಯಬಹುದು ಎನ್ನುವುದನ್ನೂ ತಕ್ಕಡಿಯಲ್ಲಿಡಿ.

ಎರಡು ವರ್ಷ ನಡೆಯುತ್ತದೋ ಇಲ್ಲವೋ ಎಂದು ತಿಳಿಯಲು ಕ್ಯಾಂಟೀನ್ ಮಾತಿಗಿಂತ ಒಳ್ಳೆಯ ಗುರುತು ನಿಮ್ಮ ಮೊಬೈಲಿನಲ್ಲೇ ಇದೆ. ಪಿಎಫ್ ಹಣವನ್ನು ಮರುತಿಂಗಳ 15ರೊಳಗೆ ತುಂಬಬೇಕು. ಪಾಸ್‌ಬುಕ್ ತೆರೆದು ಕಳೆದ ಹನ್ನೆರಡು ತಿಂಗಳು ಕಂಪನಿ ಯಾವ್ಯಾವ ದಿನ ತುಂಬಿದೆ ನೋಡಿ. ಕೈ ಬಿಗಿಯಾದ ಕಂಪನಿಯಲ್ಲಿ ಮೊದಲು ತಡವಾಗುವುದು ಇದೇ, ಪಗಾರ ಆಮೇಲೆ. ಶಾಪ್‌ನಲ್ಲಿ ಏನಾಗುತ್ತಿದೆ ಎನ್ನುವುದು ನಿಮ್ಮ ಕಣ್ಣಿಗೇ ಬೀಳುತ್ತದೆ. ಮಷೀನ್ ಕೆಟ್ಟರೆ ಬಿಡಿಭಾಗ ತರಿಸುತ್ತಾರೋ ಅಥವಾ ಪಕ್ಕದ ಮಷೀನಿನಿಂದ ಬಿಚ್ಚಿ ಹಾಕುತ್ತಾರೋ? ಕಚ್ಚಾ ಮಾಲು ತಿಂಗಳಿಗಾಗುವಷ್ಟು ಬರುತ್ತಿದೆಯೋ ವಾರಕ್ಕಾಗುವಷ್ಟೋ? ಕಾಯಂ ಕೆಲಸಗಾರರನ್ನು ಕಡಿಮೆ ಮಾಡಿ ಅದೇ ಮಷೀನಿಗೆ ಗುತ್ತಿಗೆಯ ಹುಡುಗರನ್ನು ಹಾಕುತ್ತಿದ್ದರೆ ಅದು ಮುಚ್ಚುವ ಕಾರ್ಖಾನೆಯಲ್ಲ, ಪಗಾರದ ಹೊರೆ ಇಳಿಸಿಕೊಳ್ಳುತ್ತಿರುವ ಕಾರ್ಖಾನೆ. ನೀವು ಕೊಟ್ಟ ವಿವರದಲ್ಲಿ ಪಗಾರ ತಡವಾದ ಮಾತಿಲ್ಲ. ಪಾಸ್‌ಬುಕ್ ಕೂಡ ಸರಿ ಇದ್ದರೆ, ಹೊರಗೆ 29,000ದ ದುಡಿಮೆ ಗಟ್ಟಿಯಾಗಿ ಕೈಯಲ್ಲಿಲ್ಲದಿದ್ದರೆ, ಈ ಮೊತ್ತಕ್ಕೆ ಸಹಿ ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ.

ಆದರೂ ತೆಗೆದುಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾದರೆ, ಸಹಿಗೆ ಮೊದಲು ಇಷ್ಟು ಮಾಡಿ. ನಿಮ್ಮ ಮುಂದಿಡುವ ಅರ್ಜಿಯ ತಲೆಬರಹ 'ಸ್ವಯಂ ನಿವೃತ್ತಿ ಯೋಜನೆಯಡಿ ಅರ್ಜಿ' ಎಂದೇ ಇರಬೇಕು, 'ರಾಜೀನಾಮೆ' ಎಂದಿರಬಾರದು. ವಿಆರ್‌ಎಸ್ ಪರಿಹಾರಕ್ಕೆ 5 ಲಕ್ಷದವರೆಗೆ ತೆರಿಗೆ ವಿನಾಯಿತಿ ಜೀವಮಾನದಲ್ಲಿ ಒಮ್ಮೆ ಸಿಗುತ್ತದೆ, ಆದರೆ ಯೋಜನೆ ಕೆಲವು ಷರತ್ತು ಪಾಲಿಸಿರಬೇಕು: ಒಟ್ಟು ನೌಕರರ ಸಂಖ್ಯೆ ಇಳಿಯಬೇಕು, ಖಾಲಿಯಾದ ಜಾಗ ತುಂಬಬಾರದು, ಬಿಟ್ಟವರನ್ನು ಅದೇ ಆಡಳಿತದ ಬೇರೆ ಕಂಪನಿಗೆ ತೆಗೆದುಕೊಳ್ಳಬಾರದು. 'ಈಗ ವಿಆರ್‌ಎಸ್ ತಗೊಳ್ರಿ, ಆಮೇಲೆ ನಮ್ಮ ಇನ್ನೊಂದು ಯೂನಿಟ್‌ಗೆ ಬರ್ರಿ' ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಆ ವಿನಾಯಿತಿಗೇ ಕುತ್ತು. 5 ಲಕ್ಷ ಕಳೆದು ಉಳಿದ 5.66 ಲಕ್ಷ ಆ ವರ್ಷದ ಪಗಾರಕ್ಕೆ ಕೂಡುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ತೆರಿಗೆಗೊಳಪಡುವ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ನಿಮಗೆ ಭಾರ ಬೀಳುವುದಿಲ್ಲ. ಕಂಪನಿ ಅವಸರದಲ್ಲಿ ಟಿಡಿಎಸ್ ಕತ್ತರಿಸಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಿರಿ.

ಕಂಪನಿ ನಿಮ್ಮ ಅರ್ಜಿಯನ್ನು ಒಪ್ಪಿ ಪತ್ರ ಕೊಟ್ಟ ಮೇಲೆ ಮನಸ್ಸು ಬದಲಾದರೆ ಹಿಂದೆ ಸರಿಯುವುದು ಬಹಳ ಕಷ್ಟ. ಒಪ್ಪುವ ಮೊದಲು ಹಿಂತೆಗೆದುಕೊಳ್ಳಬಹುದೇ, ಎಷ್ಟು ದಿನದೊಳಗೆ ಎನ್ನುವುದು ಯೋಜನೆಯ ಪಠ್ಯದಲ್ಲಿರುತ್ತದೆ. ಎಕ್ಸ್‌ಗ್ರೇಷಿಯಾ ಒಂದೇ ಕಂತಿನಲ್ಲಿ, ಬಿಡುಗಡೆಯ ದಿನವೇ ಎಂದು ಬರವಣಿಗೆಯಲ್ಲಿರಲಿ. ಕಂತುಗಳಲ್ಲಿ ಕೊಡುತ್ತೇವೆ ಎಂದರೆ, ಮುಚ್ಚಬಹುದು ಎಂದು ಜನ ಹೆದರಿಸುತ್ತಿರುವ ಕಂಪನಿಗೇ ನೀವು ಸಾಲ ಕೊಟ್ಟಂತಾಯಿತು. ಗ್ರಾಚ್ಯುಯಿಟಿಗೆ ಕಾನೂನಿನ ಗಡುವು 30 ದಿನ, ತಡವಾದರೆ ಬಡ್ಡಿ ಕೇಳುವ ಹಕ್ಕಿದೆ.

ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ವಿಆರ್‌ಎಸ್ ತೆಗೆದುಕೊಂಡವರೂ ಸೇರಬಹುದು ಎಂದು ಏಜೆಂಟರು ಹೇಳುವುದು ನಿಜ, ಆದರೆ ಅದಕ್ಕೆ 55 ತುಂಬಿರಬೇಕು. 51ರ ನಿಮಗೆ ಇರುವುದು ಮಾಸಿಕ ಆದಾಯ ಯೋಜನೆ: ಒಬ್ಬರ ಹೆಸರಿನಲ್ಲಿ 9 ಲಕ್ಷದವರೆಗೆ, ಶೇ. 7.4ರಂತೆ ತಿಂಗಳಿಗೆ 5,550. ಪಿಎಫ್ ಗಂಟನ್ನು ಮುಟ್ಟದೆ ಖಾತೆಯಲ್ಲೇ ಬಿಟ್ಟರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಕೆಲಸ ಬಿಟ್ಟ ನಂತರದ ಬಡ್ಡಿಗೆ ಮಾತ್ರ ತೆರಿಗೆ ಲೆಕ್ಕವಿದೆ.

ಕೊನೆಯದಾಗಿ, ಕಂಪನಿಯ ಗೇಟಿನೊಳಗೆ ಇರುವಾಗಲೇ ಮುಗಿಸಬೇಕಾದ ಎರಡು ಕೆಲಸ. ಒಂದು, ಪಿಎಫ್ ಪೋರ್ಟಲ್‌ನಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ, ಸೇರಿದ ದಿನ ಆಧಾರ್‌ಗೆ ಹೊಂದುತ್ತವೆಯೇ ನೋಡಿ. ಸಂಬಳವಿಲ್ಲದ ದಿನಗಳೆಂದು ಎನ್‌ಸಿಪಿ ಕಾಲಂನಲ್ಲಿ ತಪ್ಪಾಗಿ ಬಿದ್ದಿದ್ದರೆ ಅಷ್ಟು ಸೇವೆ ಪಿಂಚಣಿಯಲ್ಲಿ ಕಡಿಮೆಯಾಗುತ್ತದೆ. ತಿದ್ದುಪಡಿಯ ಜಂಟಿ ಘೋಷಣೆಗೆ ಕಂಪನಿಯ ಒಪ್ಪಿಗೆ ಬೇಕು. ಏಳು ವರ್ಷ ಬಿಟ್ಟು 58ಕ್ಕೆ ಪಿಂಚಣಿ ಅರ್ಜಿಯಾದ ಫಾರ್ಮ್ 10ಡಿ ಹಿಡಿದು ನವನಗರದ ಪಿಎಫ್ ಕಚೇರಿಗೆ ಹೋದಾಗ ಆ ಕಂಪನಿಯೇ ಇರದಿದ್ದರೆ ಒಂದು ಅಕ್ಷರದ ತಪ್ಪಿಗೂ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಬಿಟ್ಟ ಮೇಲೆ ಫಾರ್ಮ್ 10ಸಿ ಹಾಕಿ ಸ್ಕೀಮ್ ಸರ್ಟಿಫಿಕೇಟ್ ತೆಗೆದಿಟ್ಟುಕೊಳ್ಳಿ, ನಿಮ್ಮ 28 ವರ್ಷಕ್ಕೆ ಅದೇ ದಾಖಲೆ. ಇನ್ನೊಂದು, ಕಂಪನಿಯ ಗುಂಪು ಆರೋಗ್ಯ ವಿಮೆ ಕೊನೆಯ ದಿನಕ್ಕೇ ನಿಲ್ಲುತ್ತದೆ. ಅದು ನಿಲ್ಲುವ ಮೊದಲೇ ಅದೇ ವಿಮಾ ಕಂಪನಿಯ ಕುಟುಂಬ ಪಾಲಿಸಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕಿದರೆ ಈವರೆಗಿನ ವರ್ಷಗಳು ಕಾಯುವ ಅವಧಿಯಲ್ಲಿ ಎಣಿಕೆಯಾಗುತ್ತವೆ. ಬಿಟ್ಟ ಮೇಲೆ ಹೊಸದಾಗಿ ಕೊಂಡರೆ ಈಗಾಗಲೇ ಇರುವ ಬಿಪಿ, ಸಕ್ಕರೆ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ವರ್ಗಾವಣೆಯ ಆ ಪಾಲಿಸಿಯ ಪ್ರೀಮಿಯಂ ಎಷ್ಟೆಂದು ಈ 15 ದಿನದೊಳಗೇ ವಿಚಾರಿಸಿ, ಆ 29,000ಕ್ಕೆ ಅದನ್ನೂ ಕೂಡಿಸಿ.